ಬಲ್ಬ್ ಉರಿದರೆ ಪಾಸ್ ಅಂತೀರಾ?

ಮನೆ ವೈರಿಂಗ್ ಕಲಿಸುವ ಕೋರ್ಸುಗಳಲ್ಲಿ ಪ್ರಾಕ್ಟಿಕಲ್ ಪರೀಕ್ಷೆ ನಡೆಯುತ್ತದಲ್ಲ, ಅಲ್ಲಿ ಎಲ್ಲರ ಕಣ್ಣೂ ಇರೋದು ಕೊನೆಯ ಒಂದು ನಿಮಿಷದ ಮೇಲೆ. ಹುಡುಗ ಸ್ವಿಚ್ ಒತ್ತುತ್ತಾನೆ. ಬಲ್ಬ್ ಉರಿದರೆ ಮೇಷ್ಟ್ರ ಮುಖವೂ ಅರಳುತ್ತದೆ. ಉರಿಯದಿದ್ದರೆ ಹುಡುಗ ಬೆವರುತ್ತಾನೆ. ನನ್ನ ತಕರಾರು ಇಷ್ಟೇ: ವೈರಿಂಗ್ ಸರಿಯಾಗಿದೆಯಾ ಅಂತ ತಿಳಿಯೋಕೆ ಬಲ್ಬ್ ಉರಿಸಿ ನೋಡೋದಕ್ಕಿಂತ ಕೆಟ್ಟ ಪರೀಕ್ಷೆ ಇನ್ನೊಂದಿಲ್ಲ. ಮನೆಯವರ ಪ್ರಾಣ ತೆಗೆಯಬಲ್ಲ ತಪ್ಪುಗಳು ಇದ್ದಾಗಲೂ ಆ ಬಲ್ಬ್ ಆರಾಮಾಗಿ ಉರಿಯುತ್ತದೆ.

ನಾನು ಪೀಣ್ಯದ ಕಾರ್ಖಾನೆಯೊಂದರಲ್ಲಿ ಎಲೆಕ್ಟ್ರಿಕಲ್ ಮೆಂಟೆನೆನ್ಸ್ ನೋಡಿಕೊಳ್ಳುವವನು. ಮನೆ ವಿದ್ಯಾರಣ್ಯಪುರದಲ್ಲಿ. ನಮ್ಮ ಏರಿಯಾ ಗೊತ್ತಿರುವವರಿಗೆ ಹೇಳಬೇಕಾಗಿಲ್ಲ, ಇಲ್ಲಿ 30-40 ಸೈಟಿನ ಮೇಲೆ ಒಂದಲ್ಲ ಒಂದು ಮನೆ ಏಳುತ್ತಲೇ ಇರುತ್ತದೆ. ಕೆಳಗೆ ಓನರ್, ಮೇಲೆ ಎರಡು ಬಾಡಿಗೆ ಮನೆ, ಟೆರೇಸಿನ ಮೇಲೆ ಒಂದು ರೂಮು. ಆ ರೂಮಲ್ಲಿ ನಿಮ್ಮಂಥ ಯಾರೋ ಒಬ್ಬರು ಲ್ಯಾಪ್‌ಟಾಪ್ ಚಾರ್ಜಿಗೆ ಹಾಕಿ, ಗೀಸರ್ ಆನ್ ಮಾಡಿ, ಮಾನ್ಯತಾ ಟೆಕ್ ಪಾರ್ಕಿಗೆ ಹೊರಡುವ ಗಡಿಬಿಡಿಯಲ್ಲಿ ಸ್ನಾನಕ್ಕೆ ಹೋಗುತ್ತಾರೆ. ಆ ಗೀಸರಿನ ಪಾಯಿಂಟ್ ಎಳೆದವನು ಯಾವ ಪರೀಕ್ಷೆ ಪಾಸಾಗಿದ್ದ, ಹೇಗೆ ಪಾಸಾಗಿದ್ದ ಅನ್ನೋದು ಅವರಿಗೆ ಗೊತ್ತಿರೋದಿಲ್ಲ. ಗೊತ್ತಿರಬೇಕು ಅಂತಲೇ ಇದನ್ನ ಬರೆಯುತ್ತಿದ್ದೇನೆ.

ಪರಿಚಯದ ಮೇಷ್ಟ್ರೊಬ್ಬರು ಮೂರು ತಿಂಗಳ ವೈರಿಂಗ್ ಕೋರ್ಸ್ ನಡೆಸುತ್ತಾರೆ. ಒಳ್ಳೆಯ ಮನುಷ್ಯರು, ಚೆನ್ನಾಗಿ ಕಲಿಸುತ್ತಾರೆ. "ಬಂದು ನಮ್ಮ ಪರೀಕ್ಷೆ ನೋಡಿ ಸಾರ್" ಅಂತ ಕರೆದಿದ್ದರು, ಹೋಗಿದ್ದೆ. ನಾಲ್ಕು ಗಂಟೆಯ ಕೆಲಸ. ಮರದ ಹಲಗೆಯ ಮೇಲೆ ಒಂದು ಲೈಟ್, ಒಂದು ಫ್ಯಾನ್ ಮತ್ತು ಅದರ ರೆಗ್ಯುಲೇಟರ್, 6 ಆಂಪಿಯರಿನ ಒಂದು ಸಾಕೆಟ್, ಗೀಸರಿಗೆ ಅಂತ 16 ಆಂಪಿಯರಿನ ಇನ್ನೊಂದು ಸಾಕೆಟ್, ಇವಕ್ಕೆಲ್ಲ ಎಂಸಿಬಿ ಮತ್ತು ಆರ್‌ಸಿಸಿಬಿ ಇರುವ ಚಿಕ್ಕ ಡಬ್ಬಿ.

ಅಂಕದ ಹಾಳೆ ಹೀಗಿತ್ತು: ಡ್ರಾಯಿಂಗ್ ಓದೋದಕ್ಕೆ 10, ಸಲಕರಣೆ ಬಳಸುವ ರೀತಿಗೆ 15, ಪೈಪು ಮತ್ತು ಬಾಕ್ಸ್ ಕೂರಿಸೋದಕ್ಕೆ 20, ಅಚ್ಚುಕಟ್ಟಿಗೆ 15, ಕನೆಕ್ಷನ್‌ಗೆ 15, ಎಲ್ಲ ಪಾಯಿಂಟೂ ಕೆಲಸ ಮಾಡೋದಕ್ಕೆ 15, ಟೆಸ್ಟಿಂಗ್‌ಗೆ 10. ಒಟ್ಟು 100, ಪಾಸಾಗೋಕೆ 60.

ಮೊದಲನೇ ಹುಡುಗನ ಬೋರ್ಡು ನೋಡಿದರೆ ಕಣ್ಣಿಗೆ ಹಬ್ಬ. ಪೈಪು ದಾರ ಹಿಡಿದ ಹಾಗೆ ನೇರ, ವೈರುಗಳು ಬಾಚಿದ ಹಾಗೆ. ಸ್ವಿಚ್ ಒತ್ತಿದ, ಎಲ್ಲ ಕೆಲಸ ಮಾಡಿತು. ಆದರೆ 16 ಆಂಪಿಯರ್ ಸಾಕೆಟಿನ ಪ್ಲೇಟ್ ಬಿಚ್ಚಿದರೆ ಹಸಿರು ಅರ್ತ್ ವೈರು ತುಂಡಾಗಿತ್ತು. ಉದ್ದ ಸಾಲದೆ ಬಾಕ್ಸಿನ ಮೂಲೆಗೆ ಮಡಚಿ ತುರುಕಿದ್ದ. ಕನೆಕ್ಷನ್‌ನಲ್ಲಿ 4 ಅಂಕ ಹೋಯಿತು, ಟೆಸ್ಟಿಂಗ್‌ನಲ್ಲಿ 10ಕ್ಕೆ 3 ಬಂತು. ಉಳಿದಿದ್ದೆಲ್ಲ 9, 13, 18, 14, 15. ಕೂಡಿದರೆ 83. ಡಿಸ್ಟಿಂಕ್ಷನ್!

ಇನ್ನೊಬ್ಬ ಹುಡುಗನ ಬೋರ್ಡು ಸೊಟ್ಟಗಿತ್ತು. ಕೈ ನಿಧಾನ, ನಾಲ್ಕು ಗಂಟೆಯಲ್ಲಿ ಫ್ಯಾನ್ ರೆಗ್ಯುಲೇಟರ್ ಕೂರಿಸೋಕೇ ಆಗಲಿಲ್ಲ. ಆದರೆ ಎಳೆದ ಪ್ರತಿಯೊಂದು ವೈರೂ ಸರಿಯಾದ ಜಾಗಕ್ಕೆ ಹೋಗಿತ್ತು, ಅರ್ತ್ ಬಿಗಿಯಾಗಿತ್ತು, ಮೀಟರ್ ಹಿಡಿದು ತಾನೇ ನೋಡಿಕೊಂಡಿದ್ದ. ಅವನಿಗೆ ಹಾಳೆಯ ಕ್ರಮದಲ್ಲೇ 7, 9, 9, 6, 13, 6, 8. ಒಟ್ಟು 58. ಫೇಲು.

ಈಗ ನೀವೇ ಹೇಳಿ, ನಿಮ್ಮ ಬಾತ್‌ರೂಮಿನ ಪಾಯಿಂಟ್ ಯಾರ ಕೈಲಿ ಹಾಕಿಸ್ತೀರಿ? ಎರಡನೆಯವನು ಇನ್ನೊಂದು ತಿಂಗಳು ಕೆಲಸ ಮಾಡಿದರೆ ಕೈ ಚುರುಕಾಗುತ್ತದೆ. ಮೊದಲನೆಯವನಿಗೆ ಮಾತ್ರ 'ಅರ್ತ್ ಬಿಟ್ಟರೂ ನಡೆಯುತ್ತೆ' ಅಂತ ನಾವೇ ಸರ್ಟಿಫಿಕೇಟ್ ಕೊಟ್ಟು ಕಳಿಸಿದ್ದೇವೆ.

ಇದು ಒಬ್ಬ ಮೇಷ್ಟ್ರ ತಪ್ಪಲ್ಲ, ಅದಕ್ಕೇ ಅವರ ಹೆಸರಾಗಲಿ ಊರಾಗಲಿ ಹೇಳುತ್ತಿಲ್ಲ. ಅವರು ಹಿಡಿದ ಅಚ್ಚು ಮೇಲಿಂದ ಬಂದಿದ್ದು. ಐಟಿಐಗಳಲ್ಲಿ ಎರಡು ವರ್ಷದ ಎಲೆಕ್ಟ್ರಿಷಿಯನ್ ಟ್ರೇಡ್ ಇದೆ, ಅದರ ಪಠ್ಯಕ್ರಮ ಕೇಂದ್ರ ಸರ್ಕಾರದ ತರಬೇತಿ ಮಹಾನಿರ್ದೇಶನಾಲಯದ್ದು. ಅದರಲ್ಲಿ ಪ್ರಾಕ್ಟಿಕಲ್ ಪಾಸಾಗೋಕೆ 60 ಪರ್ಸೆಂಟ್ ಬೇಕು, ಥಿಯರಿಗೆ 33 ಸಾಕು. ಕೈಕೆಲಸಕ್ಕೆ ಹೆಚ್ಚು ತೂಕ ಕೊಟ್ಟಿದ್ದು ಒಳ್ಳೆಯದೇ. ಆದರೆ ಆ 60 ಅಂದರೇನು ಅಂತ ವಿವರಿಸುವ ಪಟ್ಟಿ ಓದಿ. 60ರಿಂದ 75ರ ಒಳಗೆ ಅಂಕ ಕೊಡಬೇಕಾದರೆ ಕೆಲಸದಲ್ಲಿ 60-70 ಪರ್ಸೆಂಟ್ ನಿಖರತೆ, ಸುಮಾರಾಗಿ ಒಳ್ಳೆಯ ಅಚ್ಚುಕಟ್ಟು, ಆಗಾಗ ಒಂದಿಷ್ಟು ಸಹಾಯ ಪಡೆದರೂ ಪರವಾಗಿಲ್ಲ ಎಂಬರ್ಥದ ಮಾತುಗಳು ಅಲ್ಲಿವೆ. ಇವೇ ಮಾತುಗಳು ಫಿಟ್ಟರ್, ಟರ್ನರ್ ಟ್ರೇಡುಗಳ ಪುಸ್ತಕದಲ್ಲೂ ಇವೆ. ಒಂದೇ ಪಟ್ಟಿ, ಎಲ್ಲ ಟ್ರೇಡಿಗೂ.

ಕಬ್ಬಿಣದ ತುಂಡನ್ನು ಅರದಿಂದ ಉಜ್ಜುವವನಿಗೆ 70 ಪರ್ಸೆಂಟ್ ನಿಖರತೆ ಅಂದರೆ ಏನೋ ಒಂದು ಅರ್ಥ ಇದೆ. ಅಳತೆ ಸ್ವಲ್ಪ ತಪ್ಪಿತು, ತುಂಡು ಕೂರಲಿಲ್ಲ, ಪಕ್ಕಕ್ಕೆ ಬಿಸಾಕಿ ಇನ್ನೊಂದು ಮಾಡಿದ. ಅರ್ತ್ ವೈರಿಗೆ 70 ಪರ್ಸೆಂಟ್ ಅಂದರೇನು? ಅದು ಸೇರಿದೆ, ಇಲ್ಲಾ ಸೇರಿಲ್ಲ. ಸೇರದ ಅರ್ತನ್ನು ಅಚ್ಚುಕಟ್ಟಿನ ಅಂಕದಿಂದ ಸರಿದೂಗಿಸೋಕೆ ಆಗಲ್ಲ ಕಣ್ರೀ. ಸರಾಸರಿ ತೆಗೆಯುವ ಲೆಕ್ಕವೇ ಇಲ್ಲಿ ಹೊಂದುವುದಿಲ್ಲ.

ಪಠ್ಯಕ್ರಮದಲ್ಲಿ ಅರ್ತಿಂಗ್, ಇನ್ಸುಲೇಷನ್ ಟೆಸ್ಟ್ ಇಲ್ಲ ಅಂತ ನಾನು ಹೇಳ್ತಿಲ್ಲ. ಖಂಡಿತ ಇವೆ, ಕಲಿಸುತ್ತಾರೆ ಕೂಡ. ಕಲಿಸಿದ್ದನ್ನು ಅಳೆಯುವಾಗ ಮಾತ್ರ ಅದು ಹತ್ತರಲ್ಲಿ ಒಂದು ಬಾಬತ್ತಾಗಿಬಿಡುತ್ತದೆ. ಹುಡುಗರು ದಡ್ಡರಲ್ಲ. ಅಂಕ ಎಲ್ಲಿದೆಯೋ ಸಮಯ ಅಲ್ಲಿಗೆ ಹಾಕುತ್ತಾರೆ. ಪೈಪು ನೇರ ಮಾಡೋದಕ್ಕೆ 20, ಮೀಟರ್ ಹಿಡಿಯೋದಕ್ಕೆ 10 ಅಂದರೆ ಅವರು ಏನು ಕಲಿಯಬೇಕು ಅಂತ ಹಾಳೆಯೇ ಹೇಳಿದ ಹಾಗಾಯ್ತು.

ಬಲ್ಬ್ ಯಾಕೆ ಸುಳ್ಳು ಸಾಕ್ಷಿ ಅನ್ನೋದನ್ನ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬಲ್ಬಿಗೆ ಬೇಕಾಗಿರೋದು ಫೇಸು ಮತ್ತು ನ್ಯೂಟ್ರಲ್, ಅಷ್ಟೇ. ಸ್ವಿಚ್ಚನ್ನು ಫೇಸ್ ವೈರಿಗೆ ಹಾಕಿದರೂ ಅದು ಆರುತ್ತದೆ, ತಪ್ಪಿ ನ್ಯೂಟ್ರಲ್ಲಿಗೆ ಹಾಕಿದರೂ ಆರುತ್ತದೆ. ವ್ಯತ್ಯಾಸ ಏನೆಂದರೆ, ಎರಡನೆಯದರಲ್ಲಿ ಸ್ವಿಚ್ ಆಫ್ ಮಾಡಿದ ಮೇಲೂ ಹೋಲ್ಡರಿನಲ್ಲಿ ಫೇಸ್ ಕೂತೇ ಇರುತ್ತದೆ. ಸ್ಟೂಲ್ ಹತ್ತಿ ಬಲ್ಬ್ ಬದಲಾಯಿಸುವವರು ಆಫ್ ಮಾಡಿದೀನಲ್ಲ ಅಂತ ಧೈರ್ಯವಾಗಿ ಕೈ ಹಾಕುತ್ತಾರೆ. ಅರ್ತ್ ವೈರಂತೂ ಬಲ್ಬಿನ ದಾರಿಯಲ್ಲೇ ಇಲ್ಲ. ಅದು ಇದ್ದರೂ ಇಲ್ಲದಿದ್ದರೂ ಬಲ್ಬಿಗೆ, ಗೀಸರಿಗೆ ವ್ಯತ್ಯಾಸ ಗೊತ್ತಾಗಲ್ಲ, ನೀರು ಬಿಸಿಯಾಗುತ್ತದೆ. ಯಾವತ್ತೋ ಒಂದು ದಿನ ಒಳಗಿನ ಎಲಿಮೆಂಟ್ ಸೋರಿ ಗೀಸರಿನ ಲೋಹದ ಮೈಗೆ ಫೇಸ್ ಬಂದಾಗ, ಅರ್ತ್ ಇದ್ದಿದ್ದರೆ ಕರೆಂಟ್ ಆ ದಾರಿ ಹಿಡಿಯುತ್ತಿತ್ತು. ಇಲ್ಲದಿದ್ದರೆ ನಲ್ಲಿ ಮುಟ್ಟಿದವರೇ ದಾರಿಯಾಗುತ್ತಾರೆ.

ಆರ್‌ಸಿಸಿಬಿ ಇದೆಯಲ್ಲ, ಟೆಸ್ಟ್ ಬಟನ್ ಒತ್ತಿ ತೋರಿಸಿದನಲ್ಲ ಅಂತೀರಾ? ಆ ಬಟನ್ ಮಾಡೋದು ಡಬ್ಬಿಯ ಒಳಗೇ ಒಂದು ಸಣ್ಣ ಸೋರಿಕೆ ಉಂಟುಮಾಡೋದು. ಒಳಗಿನ ಯಂತ್ರ ಬಿಡುತ್ತದಾ ಇಲ್ಲವಾ ಅಂತ ಅದು ತಿಳಿಸುತ್ತದೆ, ಒಳ್ಳೆಯದು. ಆದರೆ ಅರ್ತ್ ವೈರು ಆ ಆಟದಲ್ಲಿ ಇಲ್ಲವೇ ಇಲ್ಲ. ಇಡೀ ಮನೆಗೆ ಅರ್ತಿಂಗೇ ಇಲ್ಲದಿದ್ದರೂ ಬಟನ್ ಒತ್ತಿದರೆ ಟಪ್ ಅಂತ ಟ್ರಿಪ್ ಆಗುತ್ತದೆ. ಅರ್ತ್ ಇಲ್ಲದ ಮನೆಯಲ್ಲಿ ಆರ್‌ಸಿಸಿಬಿ ಕೆಲಸ ಮಾಡೋದು ಯಾರಿಗೋ ಶಾಕ್ ಹೊಡೆಯಲು ಶುರುವಾದ ಮೇಲೆ. ಅರ್ತ್ ಇದ್ದರೆ ಯಾರೂ ಮುಟ್ಟುವ ಮುಂಚೆಯೇ ಬಿಡುತ್ತದೆ.

ಹಾಗಾದರೆ ಏನು ಮಾಡಬೇಕು? ನನ್ನ ಬೇಡಿಕೆ ಒಂದೇ. ಅಂಕದ ಹಾಳೆಗೆ ಮುಂಚೆ ಇನ್ನೊಂದು ಹಾಳೆ ಇರಲಿ. ಅದರಲ್ಲಿ ಅಂಕ ಬೇಡ, ಹೌದು-ಇಲ್ಲ ಅಷ್ಟೇ. ಐದೇ ಸಾಲು. ಒಂದೇ ಒಂದು 'ಇಲ್ಲ' ಬಂದರೂ ಎರಡನೇ ಹಾಳೆ ತೆಗೆಯೋ ಹಾಗಿಲ್ಲ.

ಮೊದಲ ಸಾಲು: ಕೈ ಹಾಕುವ ಮುಂಚೆ ಕರೆಂಟ್ ಇಲ್ಲ ಅಂತ ಖಚಿತ ಮಾಡಿಕೊಂಡನಾ? ಇದಕ್ಕೆ ಮೂರು ಹೆಜ್ಜೆ. ಮೀಟರನ್ನು ಕರೆಂಟ್ ಇರುವುದು ಗೊತ್ತಿರುವ ಕಡೆ ಇಟ್ಟು ತೋರಿಸುತ್ತದೆ ಅಂತ ನೋಡಬೇಕು, ಆಮೇಲೆ ಕೆಲಸದ ಜಾಗದಲ್ಲಿ ನೋಡಬೇಕು, ಮತ್ತೆ ಮೊದಲಿನ ಕಡೆಗೇ ಹೋಗಿ ಮೀಟರ್ ಇನ್ನೂ ಸರಿಯಿದೆ ಅಂತ ನೋಡಬೇಕು. ಜೇಬಲ್ಲಿರುವ ಸ್ಕ್ರೂಡ್ರೈವರ್ ಟೆಸ್ಟರ್ ಉರಿಯಲಿಲ್ಲ ಅನ್ನೋದು ಲೆಕ್ಕಕ್ಕಿಲ್ಲ. ಅದರ ದೀಪ ಕೆಟ್ಟಿದ್ದರೂ ಉರಿಯಲ್ಲ, ನೀವು ಒಣ ಮರದ ಸ್ಟೂಲಿನ ಮೇಲೆ ನಿಂತಿದ್ದರೂ ಸರಿಯಾಗಿ ಉರಿಯದೆ ಹೋಗಬಹುದು.

ಎರಡನೇ ಸಾಲು: ಪ್ರತಿ ಸ್ವಿಚ್ಚೂ ಫೇಸಿನಲ್ಲೇ ಇದೆಯಾ? ಪ್ಲಗ್ ಕಿತ್ತು, ಬಲ್ಬ್ ತೆಗೆದು, ಮಲ್ಟಿಮೀಟರಿನ ಬೀಪ್‌ನಲ್ಲಿ ನೋಡಬಹುದು. ನ್ಯೂಟ್ರಲ್ ಬಾರಿನಿಂದ ಹೋಲ್ಡರಿನ ಒಂದು ಪಿನ್ನಿಗೆ ಸ್ವಿಚ್ ಆನ್ ಇದ್ದರೂ ಆಫ್ ಇದ್ದರೂ ಬೀಪ್ ಬರಬೇಕು. ಫೇಸಿನಿಂದ ಇನ್ನೊಂದು ಪಿನ್ನಿಗೆ ಆನ್ ಇದ್ದಾಗ ಮಾತ್ರ ಬರಬೇಕು. ಉಲ್ಟಾ ಆದರೆ ಸ್ವಿಚ್ ನ್ಯೂಟ್ರಲ್ಲಿಗೆ ಬಿದ್ದಿದೆ. ಸಾಕೆಟನ್ನು ಎದುರಿನಿಂದ ನೋಡಿದಾಗ ಮೇಲಿನ ದೊಡ್ಡ ತೂತು ಅರ್ತ್, ಬಲಕ್ಕೆ ಫೇಸ್, ಎಡಕ್ಕೆ ನ್ಯೂಟ್ರಲ್. ಹುಡುಗರು ಕೆಲಸ ಮಾಡೋದು ಹಿಂದಿನಿಂದ, ಅಲ್ಲಿ ಎಡ-ಬಲ ಅದಲುಬದಲು. ತಪ್ಪು ಆಗೋದೇ ಅಲ್ಲಿ.

ಮೂರನೇ ಸಾಲು: ಅರ್ತ್ ಬಾರಿನಿಂದ ಪ್ರತಿ ಸಾಕೆಟಿನ ಅರ್ತ್ ತೂತಿಗೆ, ಪ್ರತಿ ಲೋಹದ ಬಾಕ್ಸಿಗೆ ಮೀಟರ್ ಎಷ್ಟು ತೋರಿಸುತ್ತದೆ? ಇಲ್ಲಿ ಬೀಪ್ ಸಾಕಾಗಲ್ಲ, ಅಂಕಿ ಬೇಕು. 1.5 ಚದರ ಮಿಲಿಮೀಟರಿನ ತಾಮ್ರದ ವೈರು ಕಿಲೋಮೀಟರಿಗೆ ಸುಮಾರು 12 ಓಮ್. ಪರೀಕ್ಷೆಯ ಬೋರ್ಡಿನಲ್ಲಿ ಹೆಚ್ಚೆಂದರೆ 10 ಮೀಟರ್ ವೈರು ಇರುತ್ತದೆ, ಅಂದರೆ 0.12 ಓಮ್. ಮೀಟರಿನ ಎರಡು ಕಡ್ಡಿ ಒಂದಕ್ಕೊಂದು ಮುಟ್ಟಿಸಿ ಬರುವ ಓದನ್ನು ಕಳೆದ ಮೇಲೆ 0.5ಕ್ಕಿಂತ ಕಡಿಮೆ ಬಂದರೆ ಪಾಸ್ ಅನ್ನೋಣ. 3 ಓಮ್ ಬಂತು ಅಂದರೆ ಬೀಪ್ ಆಗಿಯೇ ಆಗುತ್ತದೆ, ಆದರೆ ಎಲ್ಲೋ ಒಂದು ಸ್ಕ್ರೂ ಸಡಿಲ ಇದೆ ಅಂತ ಅರ್ಥ.

ನಾಲ್ಕನೇ ಸಾಲು: ಇನ್ಸುಲೇಷನ್. ಬೋರ್ಡಿನ ಪ್ಲಗ್ ಕಿತ್ತು, ರೆಗ್ಯುಲೇಟರ್, ಆರ್‌ಸಿಸಿಬಿ ಬಿಡಿಸಿ, ಸ್ವಿಚ್‌ಗಳನ್ನೆಲ್ಲ ಆನ್ ಮಾಡಿ, ಫೇಸು-ನ್ಯೂಟ್ರಲ್ ಎರಡನ್ನೂ ಜೋಡಿಸಿ, ಅವಕ್ಕೂ ಅರ್ತಿಗೂ ನಡುವೆ ಮೆಗ್ಗರಿನಲ್ಲಿ 500 ವೋಲ್ಟ್ ಡಿಸಿ ಕೊಡಬೇಕು. 1 ಮೆಗಾಓಮಿಗಿಂತ ಕಡಿಮೆ ಬಂದರೆ ಫೇಲ್. ಹೊಸ ವೈರಿನ ಬೋರ್ಡು ನಿಜಕ್ಕೂ ಅದಕ್ಕಿಂತ ಬಹಳ ಹೆಚ್ಚು ತೋರಿಸುತ್ತದೆ. ಸುಲಿಯುವಾಗ ಬ್ಲೇಡು ತಾಗಿದ ವೈರು, ಪ್ಲೇಟಿನ ಸ್ಕ್ರೂ ಚುಚ್ಚಿದ ವೈರು, ಲೋಹದ ಬಾಕ್ಸಿನ ಅಂಚಿಗೆ ಸಿಕ್ಕಿ ನಲುಗಿದ ವೈರು ಇವೆಲ್ಲ ಸಿಕ್ಕಿಬೀಳೋದು ಇಲ್ಲೇ.

ಐದನೇ ಸಾಲು: ಮೇಲಿನವೆಲ್ಲ ಸರಿ ಇದ್ದರೆ ಬಿಡಿಸಿದ್ದನ್ನೆಲ್ಲ ಮತ್ತೆ ಸೇರಿಸಿ, ಕರೆಂಟ್ ಕೊಟ್ಟು, ಸಾಕೆಟಿಗೆ ಆರ್‌ಸಿಸಿಬಿ ಟೆಸ್ಟರ್ ಚುಚ್ಚಬೇಕು. 30 ಮಿಲಿಆಂಪಿಯರ್ ಸೋರಿಕೆ ಬಿಟ್ಟಾಗ 300 ಮಿಲಿಸೆಕೆಂಡಿನ ಒಳಗೆ ಬಿಡಬೇಕು. ಈ ಸೋರಿಕೆ ಸಾಕೆಟಿನ ಅರ್ತ್ ಮೂಲಕವೇ ಹೋಗುವುದರಿಂದ ಡಬ್ಬಿಯ ಬಟನ್ ಮುಚ್ಚಿಟ್ಟ ವಿಷಯವನ್ನು ಇದು ಹೊರಗೆ ಹಾಕುತ್ತದೆ.

ಐದೇ ಯಾಕೆ, ಸಡಿಲ ಸ್ಕ್ರೂ ಅಪಾಯ ಅಲ್ವಾ ಅಂತ ಕೇಳಬಹುದು. ಹೌದು, ಅದರಿಂದ ಬೆಂಕಿಯೂ ಹತ್ತಬಹುದು. ಫೇಸು-ನ್ಯೂಟ್ರಲ್ಲಿನ ಸಡಿಲ ಸ್ಕ್ರೂ ಮಾತ್ರ ಸಾಮಾನ್ಯವಾಗಿ ಪ್ಲೇಟ್ ಬಿಸಿ ಮಾಡುತ್ತದೆ, ವಾಸನೆ ಬರಿಸುತ್ತದೆ, ಲೈಟ್ ಮಿಣುಕಿಸುತ್ತದೆ. ಮನೆಯವರಿಗೆ ಒಂದು ಸೂಚನೆಯಾದರೂ ಸಿಗುವ ಸಂಭವ ಇದೆ. ಅದನ್ನ ಎರಡನೇ ಹಾಳೆಯಲ್ಲಿ ವೈರ್ ಎಳೆದು ನೋಡಿ, ದಂಡಿಯಾಗಿ ಅಂಕ ಕಡಿಯಲಿ. ಮೊದಲ ಹಾಳೆಗೆ ಬರಬೇಕಾದ್ದು ಪ್ರಾಣ ತೆಗೆಯಬಲ್ಲ, ಆದರೆ ಯಾವ ಸೂಚನೆಯನ್ನೂ ಕೊಡದೆ ಕಾಯುವ ತಪ್ಪುಗಳು. ಪಟ್ಟಿ ಉದ್ದ ಮಾಡಿದರೆ ಮತ್ತೆ ಯಾರೂ ಓದಲ್ಲ, ಸುಮ್ಮನೆ ಟಿಕ್ ಹಾಕುತ್ತಾ ಹೋಗುತ್ತಾರೆ.

ಇದನ್ನ ಹೇಳಿದಾಗ ಮೇಷ್ಟ್ರು ನಕ್ಕರು. "ಹಂಗೆ ಮಾಡಿದ್ರೆ ಅರ್ಧ ಕ್ಲಾಸು ಫೇಲಾಗುತ್ತೆ ಸಾರ್. ಮನೇಲಿ ಕಷ್ಟ ಇರೋ ಹುಡುಗ್ರು, ಫೇಲ್ ಅಂದ್ರೆ ಮತ್ತೆ ಬರಲ್ಲ." ಈ ಮಾತನ್ನು ತಳ್ಳಿಹಾಕೋಕೆ ಆಗಲ್ಲ. ಆದರೆ ಮೊದಲ ಹಾಳೆಯಲ್ಲಿ ತಪ್ಪಿದವನನ್ನು ಮನೆಗೆ ಕಳಿಸಿ ಅಂತ ಯಾರು ಹೇಳಿದರು? ಅರ್ತ್ ಬಿಟ್ಟ ಹುಡುಗನಿಗೆ ಮೀಟರ್ ಕೊಡಿ, ತಪ್ಪು ಎಲ್ಲಿದೆ ಅಂತ ಹೇಳಬೇಡಿ, 'ಹುಡುಕಿ ಸರಿ ಮಾಡು' ಅನ್ನಿ. ಆಮೇಲೆ ಬೇರೆ ತಪ್ಪು ಇರುವ ಇನ್ನೊಂದು ಬೋರ್ಡ್ ಕೊಡಿ. ಅದೇ ದಿನ ಅರ್ಧ ಗಂಟೆಯ ಕೆಲಸ. ಕಂಡುಹಿಡಿದರೆ ಎರಡನೇ ಹಾಳೆಗೆ ಬರಲಿ. ಅವನು ಆ ಅರ್ಧ ಗಂಟೆಯಲ್ಲಿ ಕಲಿಯೋದು ಮೂರು ತಿಂಗಳಲ್ಲಿ ಕಲಿತದ್ದಕ್ಕಿಂತ ಹೆಚ್ಚು ದಿನ ನೆನಪಿರುತ್ತದೆ. ಕಷ್ಟದ ಹುಡುಗನ ಮೇಲೆ ಕರುಣೆ ಇದ್ದರೆ ಇದನ್ನ ಮಾಡಬೇಕು. ಅವನ ಕೈಲಿ ಸುಳ್ಳು ಡಿಸ್ಟಿಂಕ್ಷನ್ ಇಟ್ಟರೆ, ನಾಳೆ ಅವನು ಹಾಕಿದ ಪಾಯಿಂಟಿನಲ್ಲಿ ಯಾರಿಗಾದರೂ ಏನಾದರೂ ಆದಾಗ ಪೊಲೀಸ್ ಸ್ಟೇಷನ್ ಮೆಟ್ಟಿಲು ಹತ್ತೋದು ಅವನೇ, ಅಂಕ ಕೊಟ್ಟವರಲ್ಲ.

ಮೆಗ್ಗರ್, ಆರ್‌ಸಿಸಿಬಿ ಟೆಸ್ಟರಿಗೆ ದುಡ್ಡು ಎಲ್ಲಿಂದ ಅನ್ನೋದು ಎರಡನೇ ಮಾತು. ಇಡೀ ಕೇಂದ್ರಕ್ಕೆ ಒಂದೊಂದು ಸಾಕು, ಬೋರ್ಡಿನಿಂದ ಬೋರ್ಡಿಗೆ ತೆಗೆದುಕೊಂಡು ಹೋದರಾಯ್ತು. ಮೊದಲ ಮೂರು ಸಾಲಿಗಂತೂ ಮಲ್ಟಿಮೀಟರ್ ಬಿಟ್ಟು ಬೇರೇನೂ ಬೇಕಿಲ್ಲ.

ಇದು ನನ್ನ ತಲೆಯಿಂದ ಉದುರಿದ ಹೊಸ ಐಡಿಯಾನೂ ಅಲ್ಲ. ಬ್ರಿಟನ್ನಿನ ಡ್ರೈವಿಂಗ್ ಟೆಸ್ಟ್ ಕೊಟ್ಟು ಬಂದ ಸ್ನೇಹಿತರಿದ್ದರೆ ಕೇಳಿ. ಅಲ್ಲಿ ಸಣ್ಣ ತಪ್ಪು 15ರ ತನಕ ಮಾಫಿ. ಗಂಭೀರ ತಪ್ಪು ಒಂದೇ ಒಂದು ಮಾಡಿದರೆ ಫೇಲ್, ಮಿಕ್ಕಿದ್ದೆಲ್ಲ ಎಷ್ಟೇ ಚೆನ್ನಾಗಿ ಓಡಿಸಿದ್ದರೂ. ಪಾರ್ಕಿಂಗ್ ಸೊಗಸಾಗಿ ಮಾಡಿದ ಅಂತ ಕೆಂಪು ದೀಪ ದಾಟಿದ್ದನ್ನು ಯಾರೂ ಸರಿದೂಗಿಸಲ್ಲ. ಸಣ್ಣ ತಪ್ಪನ್ನು ಎಣಿಸುತ್ತಾರೆ, ದೊಡ್ಡ ತಪ್ಪಿಗೆ ನಿಲ್ಲಿಸುತ್ತಾರೆ. ವೈರಿಂಗಿನ ಹಾಳೆಗೂ ಬೇಕಾಗಿರೋದು ಇದೇ ವಿಂಗಡಣೆ.

ಇನ್ನು ನಿಮ್ಮ ಪಾಲಿನದು. ನೀವು ಪರೀಕ್ಷೆ ನಡೆಸುವವರಲ್ಲ, ಆದರೆ ಪಾಸಾದವರ ಕೆಲಸಕ್ಕೆ ದುಡ್ಡು ಕೊಡುವವರು. ಮುಂದಿನ ಸಲ ಹೊಸ ಪಾಯಿಂಟ್ ಹಾಕಿಸಿದಾಗ ಅಥವಾ ಬಾಡಿಗೆ ಮನೆ ನೋಡೋಕೆ ಹೋದಾಗ, ಲೈಟ್ ಹಾಕಿ ತೋರಿಸಿದರೆ ಸರಿ ಅಂತ ತಲೆ ಆಡಿಸಬೇಡಿ. "ಅರ್ತ್ ಎಷ್ಟು ಓಮ್ ಬಂತು? ಮೆಗ್ಗರ್ ಎಷ್ಟು ತೋರಿಸ್ತು? ಆರ್‌ಸಿಸಿಬಿ ಸಾಕೆಟಿನಿಂದ ಟೆಸ್ಟ್ ಮಾಡಿದ್ರಾ?" ಅಂತ ಕೇಳಿ. ಉತ್ತರ ಅಂಕಿಯಲ್ಲಿ ಬರಬೇಕು. "ಎಲ್ಲ ಚೆನ್ನಾಗಿದೆ ಸಾರ್" ಅನ್ನೋದು ಅಂಕಿಯಲ್ಲ. ಹತ್ತು ಮನೆಯಲ್ಲಿ ಹತ್ತು ಜನ ಹೀಗೆ ಕೇಳಿದರೆ ಹನ್ನೊಂದನೇ ಮನೆಗೆ ಹೋಗುವ ಎಲೆಕ್ಟ್ರಿಷಿಯನ್ ಮೀಟರ್ ತಗೊಂಡೇ ಹೋಗುತ್ತಾನೆ. ಕೋರ್ಸಿನ ಮೇಷ್ಟ್ರುಗಳಿಗೂ ಅವತ್ತು ಹಾಳೆ ಬದಲಾಯಿಸದೆ ಬೇರೆ ದಾರಿ ಇರುವುದಿಲ್ಲ.